ಚೌಕದಿಂದ ದುಂಡಗೆ: ಅಟ್ಟದ ಮೇಲೆ ಹುಟ್ಟಿದ ಒಂದು ಲೆಕ್ಕ

ಯಾವ ಕ್ಯಾಡ್ ಸಾಫ್ಟ್‌ವೇರನ್ನಾದ್ರೂ ತೆರೆದು ನೋಡಿ, ಅದರಲ್ಲಿ Loft ಅನ್ನೋ ಒಂದು ಬಟನ್ ಇದ್ದೇ ಇರುತ್ತೆ. ಕೆಳಗೊಂದು ಚೌಕ, ಮೇಲೊಂದು ವೃತ್ತ ಬರೆದು ಆ ಬಟನ್ ಒತ್ತಿದರೆ ಎರಡರ ನಡುವೆ ತಮಟೆಗೆ ಚರ್ಮ ಎಳೆದು ಕಟ್ಟಿದ ಹಾಗೆ ಒಂದು ಮೇಲ್ಮೈ ತಯಾರಾಗುತ್ತೆ. ಡಿಕ್ಷನರಿಯಲ್ಲಿ ಲಾಫ್ಟ್ ಅಂದ್ರೆ ಅಟ್ಟ. ನಮ್ಮೂರ ಮನೆಗಳಲ್ಲಿ ಬೂದುಗುಂಬಳ, ಹಳೇ ತೊಟ್ಟಿಲು, ಬೀಜದ ಮೂಟೆ ಇಡ್ತಾರಲ್ಲ, ಅದೇ ಅಟ್ಟ. ಎರಡು ಆಕಾರಗಳನ್ನು ಜೋಡಿಸುವ ಕೆಲಸಕ್ಕೂ ಅಟ್ಟಕ್ಕೂ ಏನು ಸಂಬಂಧ ಅಂತ ಹುಡುಕುತ್ತಾ ಹೋದರೆ ಹಡಗು ಕಟ್ಟುವವರ ಶೆಡ್ಡಿಗೆ ಹೋಗಿ ನಿಲ್ಲುತ್ತೇವೆ. ಅಲ್ಲಿಂದ ಒಂದು ಯುದ್ಧವಿಮಾನದ ಕಾರ್ಖಾನೆಗೆ, ಆಮೇಲೆ ಒಂದು ವಿಶ್ವವಿದ್ಯಾಲಯಕ್ಕೆ. ಈ ದಾರಿಯುದ್ದಕ್ಕೂ ಎಲ್ಲರನ್ನೂ ಕಾಡಿದ ಪ್ರಶ್ನೆ ಒಂದೇ: ಮೇಲ್ಮೈ ತಿರುಚಿಕೊಳ್ಳದೆ, ನಡುವೆ ಸೊರಗದೆ, ಒಂದು ಆಕಾರದಿಂದ ಇನ್ನೊಂದಕ್ಕೆ ಹೋಗೋದು ಹೇಗೆ?

ಮೊದಲು ಏನು ಕೆಡುತ್ತೆ ಅಂತ ನೋಡೋಣ. ಕೆಳಗೆ 100 ಮಿಲಿಮೀಟರ್ ಬದಿಯ ಚೌಕ. ಅದರಿಂದ 150 ಮಿಲಿಮೀಟರ್ ಮೇಲೆ, ಅದೇ ನಡುಗೆರೆಯ ಮೇಲೆ, 100 ಮಿಲಿಮೀಟರ್ ವ್ಯಾಸದ ವೃತ್ತ. ಇವೆರಡರ ನಡುವೆ ಮೇಲ್ಮೈ ಎಳೆಯಬೇಕಾದರೆ ಕಂಪ್ಯೂಟರ್ ಮೊದಲು ತೀರ್ಮಾನ ಮಾಡಬೇಕಾದ್ದು ಒಂದೇ. ಚೌಕದ ಯಾವ ಬಿಂದುವಿಗೆ ವೃತ್ತದ ಯಾವ ಬಿಂದು ಜೋಡಿ? ಚೌಕವನ್ನು ನಾವು ಸಾಮಾನ್ಯವಾಗಿ ಒಂದು ಮೂಲೆಯಿಂದ ಬರೆಯಲು ಶುರು ಮಾಡ್ತೀವಿ. ವೃತ್ತವೋ, ಹಲವು ಸಾಫ್ಟ್‌ವೇರ್‌ಗಳಲ್ಲಿ ಗಡಿಯಾರದ ಮೂರು ಗಂಟೆ ಜಾಗದಿಂದ ಶುರುವಾಗುತ್ತೆ. ನೀವು ಬೇರೇನೂ ಹೇಳದಿದ್ದರೆ ಶುರುವಿಗೆ ಶುರು, ಕಾಲು ದಾರಿಗೆ ಕಾಲು ದಾರಿ, ಅರ್ಧಕ್ಕೆ ಅರ್ಧ ಅಂತ ಜೋಡಿಯಾಗುತ್ತಾ ಹೋಗುತ್ತೆ. ಅಂದ್ರೆ ಚೌಕದ ಬಲಮೇಲಿನ ಮೂಲೆ, ತನ್ನ ನೇರಕ್ಕೆ ಇರುವ ಬಿಂದುವನ್ನು ಬಿಟ್ಟು 45 ಡಿಗ್ರಿ ಆಚೆಗಿನ ಬಿಂದುವಿಗೆ ಕಟ್ಟಿಬಿಟ್ಟಿರುತ್ತೆ. ಉಳಿದ ಮೂರು ಮೂಲೆಗಳದ್ದೂ ಅದೇ ಕತೆ.

ಇದರ ಪರಿಣಾಮ ಲೆಕ್ಕದಲ್ಲೇ ಕಾಣುತ್ತೆ. ನಡುಗೆರೆಯನ್ನು ಸೊನ್ನೆ ಅಂತ ಇಟ್ಟುಕೊಂಡರೆ ಚೌಕದ ಮೇಲಿನ ಬದಿಯ ನಡುಬಿಂದು `(0, 50)`. ಅದು ಜೋಡಿಯಾಗೋದು ವೃತ್ತದ 45 ಡಿಗ್ರಿ ಬಿಂದುವಿಗೆ, ಅಂದರೆ `(35.36, 35.36)`ಗೆ. ಎರಡೂ ನಡುಗೆರೆಯಿಂದ 50 ದೂರದಲ್ಲೇ ಇವೆ. ಆದರೆ ಅವುಗಳ ನಡುವೆ ಎಳೆದ ನೇರ ಗೆರೆಯ ಮಧ್ಯಬಿಂದು `(17.68, 42.68)`. ನಡುಗೆರೆಯಿಂದ ಅದರ ದೂರ 46.2 ಮಾತ್ರ! ಕೆಳಗೂ 50, ಮೇಲೂ 50 ಇದ್ದ ವಸ್ತು ಮಧ್ಯದಲ್ಲಿ ಸುಮಾರು 4 ಮಿಲಿಮೀಟರ್ ಒಳಕ್ಕೆ ಸೊರಗಿತು. ಜೊತೆಗೆ ಅರ್ಧ ಎತ್ತರದಲ್ಲಿ ಅಡ್ಡ ಕೊಯ್ದು ನೋಡಿದರೆ ಮೂಲೆಗಳು 18 ಡಿಗ್ರಿಯಷ್ಟು ಪಕ್ಕಕ್ಕೆ ತಿರುಗಿರುತ್ತವೆ. ತಿರುಚೋದು ಬೇರೆ ರೋಗ, ಸೊರಗೋದು ಬೇರೆ ರೋಗ ಅಂತ ನಾವು ಅಂದುಕೊಂಡಿರ್ತೀವಿ. ಇಲ್ಲಿ ಎರಡೂ ಒಂದೇ.

ಒದ್ದೆ ಪಂಚೆಯನ್ನು ಎರಡು ತುದಿ ಹಿಡಿದು ಹಿಂಡೋದನ್ನ ನೆನಪಿಸಿಕೊಳ್ಳಿ. ಕೈ ತಿರುಗಿಸಿದಷ್ಟೂ ನಡು ಸಣ್ಣಗಾಗುತ್ತೆ. ಒಂದೇ ಅಳತೆಯ ಎರಡು ವೃತ್ತಗಳ ನಡುವೆ ನೇರ ಕಡ್ಡಿಗಳನ್ನು ಕಟ್ಟಿ, ಒಂದನ್ನು `φ` ಡಿಗ್ರಿ ತಿರುಗಿಸಿದರೆ ನಡುವಿನ ತ್ರಿಜ್ಯ `r·cos(φ/2)` ಆಗುತ್ತೆ. 45 ಡಿಗ್ರಿ ತಿರುಗಿದರೆ ಶೇಕಡಾ 8ರಷ್ಟು ಕಡಿಮೆ, 90ಕ್ಕೆ ಶೇಕಡಾ 29ರಷ್ಟು. 180 ಡಿಗ್ರಿ ತಿರುಗಿದರೆ ತ್ರಿಜ್ಯ ಸೊನ್ನೆ, ಎಲ್ಲ ಕಡ್ಡಿಗಳೂ ಒಂದೇ ಬಿಂದುವಿನಲ್ಲಿ ಸೇರಿ ಡಮರುಗ ಆಗಿಬಿಡುತ್ತೆ. ಇನ್ನು ಒಂದು ಆಕಾರವನ್ನು ಎಡದಿಂದಲೂ ಇನ್ನೊಂದನ್ನು ಬಲದಿಂದಲೂ ಸುತ್ತಿದ್ದರೆ ಕೇಳಲೇಬೇಡಿ. ಎರಡು ವೃತ್ತಗಳ ನಡುವಿನ ಮೇಲ್ಮೈ ಮಧ್ಯದಲ್ಲಿ ಚಪ್ಪಟೆಯಾಗಿ ಒಂದು ಗೆರೆಯಷ್ಟೇ ಉಳಿಯುತ್ತೆ.

ಹಾಗಾಗಿ ಮೇಲ್ಮೈ ಎಳೆಯೋದು ಕಷ್ಟದ ಕೆಲಸ ಅಲ್ಲ. ಯಾರಿಗೆ ಯಾರು ಜೋಡಿ ಅಂತ ಗೊತ್ತು ಮಾಡೋದೇ ಕಷ್ಟದ ಕೆಲಸ. ಹಡಗಿನವರಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು.

16ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಬೇಕರ್ ಅನ್ನೋ ಹಡಗು ಬಡಗಿ ಬರೆದಿಟ್ಟ ಹಡಗಿನ ನಕ್ಷೆಗಳು ಇವತ್ತಿಗೂ ಕೇಂಬ್ರಿಜ್‌ನಲ್ಲಿವೆ. ಆದರೆ ಕಾಗದದ ಮೇಲೆ ಸಣ್ಣದಾಗಿ ಬರೆದ ನಕ್ಷೆಯಿಂದ ನೇರವಾಗಿ ಮರ ಕೊಯ್ಯೋಕೆ ಆಗಲ್ಲ. 1ಕ್ಕೆ 48 ಪ್ರಮಾಣದಲ್ಲಿ ಬರೆದ ಗೆರೆ ಅರ್ಧ ಮಿಲಿಮೀಟರ್ ಆಚೀಚೆ ಆದರೆ ಹಡಗಿನಲ್ಲಿ ಅದು 24 ಮಿಲಿಮೀಟರ್. ಅದಕ್ಕೇ ಹಡಗುಕಟ್ಟೆಯಲ್ಲಿ ದೊಡ್ಡ ಶೆಡ್ಡಿನ ಮೇಲೆ, ನಡುವೆ ಕಂಬ ಇಲ್ಲದ ವಿಶಾಲವಾದ ಅಟ್ಟ ಕಟ್ಟಿಸಿ, ಅದರ ಮರದ ನೆಲದ ಮೇಲೆ ಹಡಗನ್ನು ಪೂರ್ಣ ಅಳತೆಯಲ್ಲೇ ಬರೆಯುತ್ತಿದ್ದರು. ಇಂಗ್ಲೆಂಡಿನ ಚಾಥಮ್ ಹಡಗುಕಟ್ಟೆಯಲ್ಲಿ 1750ರ ದಶಕದಲ್ಲಿ ಕಟ್ಟಿದ ಅಂಥ ಒಂದು ಅಟ್ಟ ಈಗಲೂ ನಿಂತಿದೆ. ಹೆಸರಾಂತ ವಿಕ್ಟರಿ ಹಡಗಿನ ಗೆರೆಗಳನ್ನು ಹಾಕಿದ್ದು ಅಲ್ಲೇ. ಈ ಕೆಲಸಕ್ಕೆ ಲಾಫ್ಟಿಂಗ್ ಅಂತ ಹೆಸರು ಬಂದಿದ್ದು ಆ ಜಾಗದಿಂದ. ಅಡುಗೆಮನೆಯ ಹೆಸರೇ ಅಡುಗೆಗೂ ಬಂದಂಗೆ ಆಯ್ತು.

ಅಟ್ಟದ ಮೇಲೆ ನಡೆಯುತ್ತಿದ್ದ ಕೆಲಸ ಹೀಗೆ. ಹಡಗನ್ನು ಉದ್ದಕ್ಕೆ ಹಲವು ಕಡೆ ಅಡ್ಡ ಕೊಯ್ದಂತೆ ಊಹಿಸಿಕೊಂಡು, ಒಂದೊಂದು ಜಾಗಕ್ಕೂ ಒಂದು ನಂಬರ್ ಕೊಡ್ತಾರೆ. ಇದಕ್ಕೆ ಸ್ಟೇಷನ್ ಅಂತ ಹೆಸರು. ಮಧ್ಯದ ಸ್ಟೇಷನ್ನಿನಲ್ಲಿ ಹಡಗು ಹೊಟ್ಟೆ ತುಂಬಿದ ಎಮ್ಮೆ ಥರ ಅಗಲ, ಮೂತಿಯ ಹತ್ತಿರ ಚಾಕುವಿನಂತೆ ಚೂಪು. ಇಷ್ಟೊಂದು ಬೇರೆ ಬೇರೆ ಆಕಾರಗಳನ್ನು ಬರೀ ಅಡ್ಡಕೊಯ್ತ ನೋಡಿ ಜೋಡಿಸೋಕೆ ಅವರು ಹೋಗ್ತಾನೇ ಇರಲಿಲ್ಲ. ಅದರ ಬದಲು ಉದ್ದುದ್ದ ಗೆರೆಗಳನ್ನು ಹಾಕ್ತಿದ್ದರು. ನೀರಿನ ಮಟ್ಟಕ್ಕೆ ಸಮನಾದ ಗೆರೆಗಳು ಒಂದು ಗುಂಪು, ನಿಲುವಾಗಿ ಕೊಯ್ದಾಗ ಬರುವ ಗೆರೆಗಳು ಇನ್ನೊಂದು, ಓರೆಯಾಗಿ ಕೊಯ್ದಾಗ ಬರುವವು ಮೂರನೆಯದು. ಒಂದು ಉದ್ದಗೆರೆ ಎಲ್ಲ ಸ್ಟೇಷನ್‌ಗಳನ್ನೂ ಒಂದೊಂದು ಬಿಂದುವಿನಲ್ಲಿ ಮುಟ್ಟುತ್ತಾ ಹೋಗುತ್ತೆ. ಆ ಬಿಂದುಗಳೆಲ್ಲ ಪರಸ್ಪರ ಜೋಡಿ. ಹೀಗೆ ಯಾರಿಗೆ ಯಾರು ಅನ್ನೋದು ಮೊದಲೇ ತೀರ್ಮಾನವಾಗಿರುತ್ತಿತ್ತು.

ಉದ್ದಗೆರೆ ಎಳೆಯೋಕೆ ಅವರ ಹತ್ತಿರ ಇದ್ದದ್ದು ಗಂಟಿಲ್ಲದ, ಬಳುಕುವ, ತೆಳುವಾದ ಮರದ ರೀಪು. ಒಂದೊಂದು ಸ್ಟೇಷನ್ನಿನ ಬಿಂದುವಿನ ಹತ್ತಿರವೂ ಮೊಳೆ ಹೊಡೆದು ರೀಪನ್ನು ಹಿಡಿಸಿ, ಅದರ ಪಕ್ಕದಲ್ಲೇ ಗೆರೆ ಎಳೀತಿದ್ದರು. ಡ್ರಾಯಿಂಗ್ ಮೇಜಿನ ಮೇಲಾದರೆ ಮೊಳೆ ಬದಲು ಸೀಸದ ತೂಕ. ಬಾತುಕೋಳಿಯಂತೆ ಕಾಣ್ತಿದ್ದದ್ದರಿಂದ ಅದಕ್ಕೆ ಡಕ್ ಅಂತಲೇ ಹೆಸರು. ಇವತ್ತು ನಾವು ಕೋಡ್‌ನಲ್ಲಿ ಬಳಸುವ ಸ್ಪ್ಲೈನ್ ಅನ್ನೋ ಪದ ಮೂಲದಲ್ಲಿ ಇಂಥ ಬಳುಕುವ ಪಟ್ಟಿಯ ಹೆಸರು.

ಗೆರೆ ಸರಿ ಇದೆಯೋ ಇಲ್ವೋ ಅಂತ ನೋಡೋಕೆ ಅವರದ್ದೊಂದು ಉಪಾಯ ಇತ್ತು. ನನಗೆ ಬಹಳ ಇಷ್ಟವಾಗೋದು ಇದೇ. ಒಂದು ಮೊಳೆಯನ್ನು ಕೀಳೋದು, ರೀಪು ಏನು ಮಾಡುತ್ತೆ ಅಂತ ನೋಡೋದು. ಅದು ಅಲುಗಾಡದೆ ಇದ್ದಲ್ಲೇ ಇದ್ದರೆ ಆ ಬಿಂದು ಸರಿ ಇದೆ. ಪಟ್ಟನೆ ಪಕ್ಕಕ್ಕೆ ಹಾರಿದರೆ ಆ ಸ್ಟೇಷನ್ನಿನ ಬಿಂದು ಉಳಿದವುಗಳ ಜೊತೆ ಹೊಂದುತ್ತಿಲ್ಲ ಅಂತ ಅರ್ಥ. ಆಗ ಬಿಂದುವನ್ನು ರೀಪು ಹೇಳಿದ ಜಾಗಕ್ಕೆ ಸರಿಸಿ, ಉಳಿದ ಗೆರೆಗಳ ಗುಂಪಿನಲ್ಲೂ ಅದನ್ನೇ ತಿದ್ದಬೇಕು. ಅಲ್ಲಿ ತಿದ್ದಿದ್ದರಿಂದ ಇನ್ನೆಲ್ಲೋ ಕೆಟ್ಟಿದ್ದರೆ ಮತ್ತೆ ಮೊದಲಿಂದ. ಮೂರೂ ಗುಂಪಿನ ಗೆರೆಗಳು ಒಪ್ಪುವ ತನಕ ಮೊಣಕಾಲೂರಿ ನೆಲದ ಮೇಲೆ ಇದೇ ಕೆಲಸ.

ಸೊರಗುವ ತೊಂದರೆಯ ಇನ್ನೊಂದು ರೂಪವೂ ಅವರಿಗೆ ಎದುರಾಗಿತ್ತು. ಹಡಗಿನ ಮಧ್ಯದಲ್ಲಿ ಸುತ್ತಳತೆ ಹೆಚ್ಚು, ತುದಿಯಲ್ಲಿ ಕಡಿಮೆ. ಮಧ್ಯದಲ್ಲಿ ಎಷ್ಟು ಹಲಗೆಗಳಿವೆಯೋ ಅಷ್ಟನ್ನೂ ತುದಿಯವರೆಗೆ ಒಯ್ದರೆ ಒಂದೊಂದು ಹಲಗೆಯೂ ಮೊಳೆ ಹೊಡೆಯೋಕೂ ಜಾಗ ಇಲ್ಲದಷ್ಟು ಸಣ್ಣಗಾಗಿಬಿಡುತ್ತೆ. ಅದಕ್ಕೆ ಅವರು ಕೆಲವು ಕಡೆ ಎರಡು ಹಲಗೆಗಳನ್ನು ಒಂದಾಗಿ ಸೇರಿಸಿ ಸಾಲುಗಳ ಸಂಖ್ಯೆಯನ್ನೇ ಕಡಿಮೆ ಮಾಡ್ತಿದ್ದರು. ಎಲ್ಲ ಗೆರೆಗಳನ್ನೂ ಒಂದು ತುದಿಗೆ ತುರುಕಬಾರದು ಅನ್ನೋ ಈ ಮಾತು ಮುಂದೆ ಕಂಪ್ಯೂಟರಿನಲ್ಲೂ ಸಿಗುತ್ತೆ, ನೆನಪಿಟ್ಟುಕೊಂಡಿರಿ.

ವಿಮಾನಗಳು ಬಂದಾಗ ಅಟ್ಟವೂ ಜೊತೆಗೇ ಬಂತು. ತಗಡಿನ ಮೇಲೆ ಪೂರ್ಣ ಅಳತೆಯಲ್ಲಿ ಗೆರೆ ಹಾಕಿ, ಅದರಿಂದ ಟೆಂಪ್ಲೇಟ್ ಕೊಯ್ಯೋದು. ಆದರೆ ರೀಪಿನ ಗೆರೆಯನ್ನು ಇನ್ನೊಂದು ಕಾರ್ಖಾನೆಗೆ ಕಳಿಸೋದು ಹೇಗೆ? ನಕಲು ಮಾಡಿದಷ್ಟೂ ಸಲ ಅದು ಒಂಚೂರು ಬದಲಾಗುತ್ತೆ. ಎರಡು ಸ್ಟೇಷನ್‌ಗಳ ನಡುವೆ ಹೊಸದೊಂದು ಅಡ್ಡಛೇದ ಬೇಕು ಅಂದ್ರೆ ಮತ್ತೆ ರೀಪು ಹಿಡಿದು ಕೂರಬೇಕು. ಅಮೆರಿಕದ ನಾರ್ತ್ ಅಮೆರಿಕನ್ ಏವಿಯೇಷನ್ ಕಂಪನಿಯಲ್ಲಿದ್ದ ರಾಯ್ ಲೈಮಿಂಗ್ ಇದಕ್ಕೆ ರೀಪೇ ಬೇಡ, ಸಮೀಕರಣ ಸಾಕು ಅಂದರು. 1940ರಲ್ಲಿ ಆ ಕಂಪನಿ ಬ್ರಿಟಿಷರಿಗಾಗಿ ಮಸ್ಟಾಂಗ್ ಯುದ್ಧವಿಮಾನ ಮಾಡುತ್ತಿತ್ತು. ಆರ್ಡರ್ ಬಂದ ನೂರು ಚಿಲ್ಲರೆ ದಿನಗಳಲ್ಲಿ ಎಂಜಿನ್ ಇಲ್ಲದ ಮೊದಲ ಮಾದರಿ ಶೆಡ್ಡಿನಿಂದ ಹೊರಗೆ ಬಂತು. ಅಕ್ಟೋಬರ್ 26ರಂದು ಹಾರಿತು. ಆ ವಿಮಾನದ ಮೈಯ ಗೆರೆಗಳನ್ನು ಲೆಕ್ಕದಿಂದ ಹಾಕಲಾಗಿತ್ತು. ಲೈಮಿಂಗ್ 1944ರಲ್ಲಿ ಈ ವಿಧಾನವನ್ನೆಲ್ಲ ಒಂದು ಪುಸ್ತಕವಾಗಿ ಬರೆದರು.

ಅವರು ಆರಿಸಿಕೊಂಡ ಗೆರೆ ಪಿಯುಸಿಯಲ್ಲಿ ನಾವೆಲ್ಲ ಬೈಕೊಂಡು ಓದಿದ ಶಂಕುಜಗಳು: ದೀರ್ಘವೃತ್ತ, ಪರವಲಯ, ಅತಿಪರವಲಯ. ಇದನ್ನು ಗೊತ್ತುಪಡಿಸೋಕೆ ಐದೇ ಸಂಗತಿ ಸಾಕು. ಎರಡು ತುದಿಬಿಂದುಗಳು, ಆ ತುದಿಗಳಲ್ಲಿ ಗೆರೆ ಯಾವ ದಿಕ್ಕಿಗೆ ಹೋಗುತ್ತೆ ಅನ್ನೋ ಎರಡು ಸ್ಪರ್ಶರೇಖೆಗಳು, ಮತ್ತೆ ನಡುವೆ ಒಂದು ಬಿಂದು. ಈ ನಡುಬಿಂದುವಿಗೆ ಭುಜ ಅನ್ನೋಣ. ವಿಮಾನದ ಮೈಯಲ್ಲಿ ಮೇಲ್ತುದಿಯ ಗೆರೆ, ಅತಿ ಅಗಲದ ಗೆರೆ, ಭುಜದ ಗೆರೆ, ಹೀಗೆ ಕೆಲವೇ ಉದ್ದಗೆರೆಗಳನ್ನು ಮೊದಲು ಹಾಕಿಟ್ಟರೆ ಯಾವ ಸ್ಟೇಷನ್ನಿನಲ್ಲಿ ಕೇಳಿದರೂ ಐದು ಸಂಗತಿ ಸಿಗುತ್ತೆ, ಅಡ್ಡಛೇದ ತಾನಾಗೇ ಬರುತ್ತೆ. ತಿರುಚೋಕೆ ಅವಕಾಶವೇ ಇಲ್ಲ. ಯಾಕಂದ್ರೆ ಭುಜಕ್ಕೆ ಭುಜ, ತುದಿಗೆ ತುದಿ ಜೋಡಿಯಾದ ಮೇಲೇ ಅಡ್ಡಛೇದ ಹುಟ್ಟೋದು. ಹಡಗಿನವರ ನಿಯಮವೇ ಇದು, ಉದ್ದ ಮೊದಲು, ಅಡ್ಡ ಆಮೇಲೆ.

ಈಗ ನಮ್ಮ ಚೌಕ ಮತ್ತು ವೃತ್ತಕ್ಕೆ ಈ ವಿಧಾನ ಹಚ್ಚಿ ನೋಡೋಣ. ಎರಡನ್ನೂ ನಾಲ್ಕು ಕಾಲುಭಾಗ ಮಾಡಿ. ಕತ್ತರಿಸಬೇಕಾದ್ದು ಮೂಲೆಗಳಲ್ಲಿ ಅಲ್ಲ, ಬದಿಗಳ ನಡುವಿನಲ್ಲಿ. ಒಂದು ಕಾಲುಭಾಗ `(50, 0)`ದಿಂದ `(0, 50)`ಗೆ ಹೋಗುತ್ತೆ. ಮೊದಲ ತುದಿಯಲ್ಲಿ ಗೆರೆ ನೇರ ಮೇಲಕ್ಕೆ, ಎರಡನೇ ತುದಿಯಲ್ಲಿ ಅಡ್ಡಕ್ಕೆ. ಚೌಕಕ್ಕೂ ಇದು ನಿಜ, ವೃತ್ತಕ್ಕೂ ನಿಜ. ಎರಡು ಸ್ಪರ್ಶರೇಖೆಗಳು ಸೇರೋದು `(50, 50)`ರಲ್ಲಿ, ಅಂದರೆ ಚೌಕದ ಮೂಲೆಯಲ್ಲಿ. ಐದರಲ್ಲಿ ನಾಲ್ಕು ಸಂಗತಿಗಳು ಕೆಳಗಿಂದ ಮೇಲಿನವರೆಗೂ ಬದಲಾಗೋದೇ ಇಲ್ಲ. ಬದಲಾಗೋದು ಭುಜ ಒಂದೇ.

ಭುಜ ಎಲ್ಲಿದೆ ಅಂತ ಹೇಳೋಕೆ `ρ` ಅನ್ನೋ ಒಂದು ಸಂಖ್ಯೆ ಸಾಕು. ಎರಡು ತುದಿಗಳನ್ನು ನೇರವಾಗಿ ಸೇರಿಸಿದರೆ ಅದರ ನಡುಬಿಂದು `(25, 25)`. ಅಲ್ಲಿಂದ ಮೂಲೆಯ ಕಡೆಗೆ ಎಷ್ಟು ಪಾಲು ದೂರ ಹೋಗಿದ್ದೀವಿ ಅನ್ನೋದೇ `ρ`. ಅದು 0.5 ಆದರೆ ಪರವಲಯ, ಕಡಿಮೆಯಾದರೆ ದೀರ್ಘವೃತ್ತ, ಹೆಚ್ಚಾದರೆ ಅತಿಪರವಲಯ. ನಮ್ಮ ಕಾಲುಭಾಗದಲ್ಲಿ ಸರಿಯಾಗಿ 0.414 ಆದಾಗ ವೃತ್ತ. 1ರ ಹತ್ತಿರ ಹೋದಂತೆ ಮೂಲೆ ಚೂಪಾಗುತ್ತಾ ಬಂದು ಚೌಕವಾಗುತ್ತೆ. ಹಾಗಾಗಿ ಕೆಳಗೆ 1, ಮೇಲೆ 0.414, ನಡುವೆ 0.707 ಇಟ್ಟರೆ ಭುಜ 50ರಿಂದ 42.68ಕ್ಕೆ, ಅಲ್ಲಿಂದ 35.36ಕ್ಕೆ ಇಳಿಯುತ್ತೆ. ಅದು ಯಾವತ್ತೂ 45 ಡಿಗ್ರಿಯ ಗೆರೆ ಬಿಟ್ಟು ಆಚೀಚೆ ಹೋಗಲ್ಲ. ಬದಿಗಳ ನಡುಬಿಂದು ಕೆಳಗೂ 50, ಮಧ್ಯದಲ್ಲೂ 50, ಮೇಲೂ 50. ಆಗ ಕಳೆದುಹೋಗಿದ್ದ 4 ಮಿಲಿಮೀಟರ್ ವಾಪಸ್ ಬಂತು.

ಎರಡು ಎಚ್ಚರಿಕೆ. `ρ` ಸರಿಯಾಗಿ 1 ಆದರೆ ಸಮೀಕರಣ ಕೈಕೊಡುತ್ತೆ, ಮೂಲೆಯಲ್ಲಿ ಮೇಲ್ಮೈಯ ದಿಕ್ಕೇ ಗೊತ್ತಾಗಲ್ಲ. 0.95ರಲ್ಲಿ ನಿಲ್ಲಿಸಿದರೆ ಭುಜ 48.75ರಲ್ಲಿರುತ್ತೆ, ಮೂಲೆ ಸ್ವಲ್ಪ ದುಂಡಗಾಗುತ್ತೆ, ಲೆಕ್ಕ ಕೆಡಲ್ಲ. ಇನ್ನೊಂದು, `ρ` ಒಂದೇ ವೇಗದಲ್ಲಿ ಇಳಿದರೆ ಕೆಳಗಿನ ಚೌಕ ಪೈಪಿಗೂ ಮೇಲಿನ ದುಂಡು ಪೈಪಿಗೂ ಸೇರುವ ಕಡೆ ಮಡಿಕೆ ಬಿದ್ದಂತೆ ಕಾಣುತ್ತೆ. ಶುರುವಿನಲ್ಲಿ ನಿಧಾನ, ನಡುವೆ ಜೋರು, ಕೊನೆಯಲ್ಲಿ ಮತ್ತೆ ನಿಧಾನ ಇಳಿಯುವ ಗೆರೆ ಕೊಟ್ಟರೆ ಎರಡೂ ಕಡೆ ನಯವಾಗಿ ಕೂರುತ್ತೆ.

ಇದನ್ನೇ ತಗಡಿನಲ್ಲಿ ಮಡಚಿ ಮಾಡ್ತೀನಿ ಅಂತ ಹೊರಟರೆ ಮಾತ್ರ ಆಗಲ್ಲ. ತಗಡು ಹಿಗ್ಗೋದಿಲ್ಲ. ಎಸಿ ಡಕ್ಟ್ ಮಾಡುವವರು ಚೌಕದ ಒಂದೊಂದು ಬದಿಯನ್ನೂ ವೃತ್ತದ ಒಂದೇ ಬಿಂದುವಿಗೆ ಸೇರಿಸಿ ಚಪ್ಪಟೆ ತ್ರಿಕೋನ ಮಾಡ್ತಾರೆ, ಒಂದೊಂದು ಮೂಲೆಯಿಂದಲೂ ಕಾಲು ವೃತ್ತಕ್ಕೆ ಶಂಕುವಿನ ತುಂಡು ಎಳೀತಾರೆ. ಅದೇ ಎರಡು ಆಕಾರ, ಜೋಡಿ ಮಾತ್ರ ಬೇರೆ. ಎರಕ ಹೊಯ್ಯೋದಕ್ಕೋ ಪ್ಲಾಸ್ಟಿಕ್ ಅಚ್ಚಿಗೋ ಆದರೆ ಲೈಮಿಂಗ್ ದಾರಿ, ತಗಡಿಗಾದರೆ ಇವರ ದಾರಿ.

ಲೈಮಿಂಗ್ ವಿಧಾನಕ್ಕೂ ಒಂದು ಮಿತಿ ಇತ್ತು. ಶಂಕುಜ ಒಂದೇ ಕಡೆಗೆ ಬಾಗುತ್ತೆ, ಎಸ್ ಅಕ್ಷರದಂತೆ ಹೊರಳೋದಿಲ್ಲ. 1967ರಲ್ಲಿ ಎಂಐಟಿಯ ಸ್ಟೀವನ್ ಕೂನ್ಸ್ ಯಾವ ನಾಲ್ಕು ಗೆರೆಗಳು ಅಂಚಾದರೂ ಅದಕ್ಕೆ ಮೇಲ್ಮೈ ತುಂಬುವ ಸೂತ್ರ ಪ್ರಕಟಿಸಿದರು. ಉಪಾಯ ಬಲು ಸರಳ. ಎಡ ಬಲದ ಅಂಚುಗಳ ನಡುವೆ ಒಂದು ಲಾಫ್ಟ್, ಮೇಲೆ ಕೆಳಗಿನ ಅಂಚುಗಳ ನಡುವೆ ಇನ್ನೊಂದು. ಎರಡನ್ನೂ ಕೂಡಿದರೆ ನಾಲ್ಕು ಮೂಲೆಗಳು ಎರಡೆರಡು ಸಲ ಲೆಕ್ಕಕ್ಕೆ ಬಂದಿರುತ್ತವಲ್ಲ, ಮೂಲೆಗಳನ್ನಷ್ಟೇ ಸೇರಿಸಿದ ಒಂದು ಮೇಲ್ಮೈಯನ್ನು ಕಳೆದುಬಿಟ್ಟರಾಯ್ತು. 1969ರಲ್ಲಿ ಜನರಲ್ ಮೋಟರ್ಸ್‌ನ ವಿಲಿಯಮ್ ಗಾರ್ಡನ್ ಇದನ್ನು ಉದ್ದ ಅಡ್ಡ ಗೆರೆಗಳ ಇಡೀ ಜಾಲಕ್ಕೆ ವಿಸ್ತರಿಸಿದರು. ಗೈಡ್ ಕರ್ವ್ ಅಂತ ಇವತ್ತು ಮೆನುವಿನಲ್ಲಿ ಸಿಗೋದು ಅಟ್ಟದ ಅದೇ ಉದ್ದಗೆರೆ.

ಕೂನ್ಸ್ ಮೇಲ್ಮೈಗೆ ನಾಲ್ಕು ಅಂಚು ಬೇಕು. ವಿಮಾನದ ಮೂಗಿನಂತೆ ಎಲ್ಲವೂ ಒಂದು ಬಿಂದುವಿಗೆ ಸೇರುವ ಕಡೆ ಒಂದು ಅಂಚಿನ ಉದ್ದ ಸೊನ್ನೆಯಾಗುತ್ತೆ. ಅಲ್ಲಿ ಲಂಬರೇಖೆ ಸಿಗಲ್ಲ, ದಪ್ಪ ಕೊಡೋಕೆ ಹೋದರೆ ಸಾಫ್ಟ್‌ವೇರ್ ಒಪ್ಪಲ್ಲ, ಬೆಳಕು ಬಿಟ್ಟು ನೋಡಿದರೆ ತುದಿಯಲ್ಲಿ ನಿರಿಗೆಗಳು. ಮದ್ದು ಹಡಗಿನ ಹಲಗೆಯವರದ್ದೇ. ಎಲ್ಲ ಗೆರೆಗಳನ್ನೂ ತುದಿಗೆ ಒಯ್ಯಬೇಡಿ. ತುದಿಗಿಂತ ಸ್ವಲ್ಪ ಮೊದಲೇ ಲಾಫ್ಟ್ ಕತ್ತರಿಸಿ, ಉಳಿದ ಬಾಯಿಗೆ ನಾಲ್ಕು ಅಂಚಿನ ಬೇರೊಂದು ತೇಪೆ ಹಾಕಿ.

ಇಷ್ಟೆಲ್ಲ ಆದ ಮೇಲೆ ಬಟನ್ ಒತ್ತೋಕೆ ಮುಂಚೆ ಮಾಡಬೇಕಾದ್ದು ಹೆಚ್ಚೇನಿಲ್ಲ. ಎರಡೂ ಆಕಾರಗಳಲ್ಲಿ ತುಂಡುಗಳ ಸಂಖ್ಯೆ ಒಂದೇ ಇರಲಿ, ಚೌಕಕ್ಕೆ ನಾಲ್ಕು ಮೂಲೆ ಇದ್ದರೆ ವೃತ್ತವನ್ನೂ 45, 135, 225, 315 ಡಿಗ್ರಿಗಳಲ್ಲಿ ಕತ್ತರಿಸಿ. ಶುರುವಿನ ಬಿಂದುಗಳು ಒಂದರ ನೇರಕ್ಕೆ ಒಂದು ಬರಲಿ, ಸುತ್ತುವ ದಿಕ್ಕು ಒಂದೇ ಇರಲಿ. ಅನುಮಾನ ಇದ್ದ ಕಡೆ ಒಂದೆರಡು ಉದ್ದಗೆರೆ ಕೊಡಿ. ಆಮೇಲೆ ಅರ್ಧ ಎತ್ತರದಲ್ಲಿ ಅಡ್ಡ ಕೊಯ್ದು ಅಳೆದು ನೋಡಿ. ನಮ್ಮ ಉದಾಹರಣೆಯಲ್ಲಿ ಬದಿಯ ಅಳತೆ ನಡುಗೆರೆಯಿಂದ 50 ಬರಬೇಕು. 46.2 ಬಂದರೆ ಯಾವುದೋ ಮೂಲೆ ತಪ್ಪು ಬಿಂದುವಿನ ಕೈ ಹಿಡಿದಿದೆ. ಎಷ್ಟೋ ಸೆಕ್ಷನ್‌ಗಳಿರುವ ದೊಡ್ಡ ಲಾಫ್ಟ್ ಆದರೆ ಮಧ್ಯದ ಒಂದು ಸೆಕ್ಷನ್ ಅನ್ನು ತಾತ್ಕಾಲಿಕವಾಗಿ ತೆಗೆದುಹಾಕಿ. ಮೇಲ್ಮೈ ಅಲುಗದಿದ್ದರೆ ಆ ಸೆಕ್ಷನ್ ಸರಿ ಇದೆ. ಪಟ್ಟನೆ ಹಾರಿದರೆ ಅದನ್ನು ಬಲವಂತವಾಗಿ ಅಲ್ಲಿ ಹಿಡಿದು ಕೂರಿಸಿದ್ದೀರಿ ಅಂತಲೇ ಲೆಕ್ಕ. ಮೊಳೆ ಕಿತ್ತು ನೋಡೋ ಆ ಪರೀಕ್ಷೆ ಸ್ಕ್ರೀನ್ ಮೇಲೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತೆ.